ಕಾಗದದ ಮಾಲೀಕರು

ಒಂದು ಅಂಗಡಿಯ ಅಸಲು ಧಣಿ ಯಾರು ಎಂಬ ಪ್ರಶ್ನೆಗೆ ನಮ್ಮ ಕರಾವಳಿಯ ಊರುಗಳಲ್ಲಿ ಉತ್ತರ ಸಿಗುವುದು ಚಹಾದ ಹೋಟೆಲಿನಲ್ಲಿ. ಗಲ್ಲೆಯಲ್ಲಿ ಕುಳಿತವನು ಅಳಿಯ, ಬಂಡವಾಳ ಮಾವನದು, ಸಾಲ ಇನ್ಯಾರದೋ ಎಂಬಿತ್ಯಾದಿ ವಿವರಗಳು ಒಂದು ಗ್ಲಾಸು ಚಹಾ ಮುಗಿಯುವುದರೊಳಗೆ ತಿಳಿದುಬಿಡುತ್ತವೆ. ಹೆಚ್ಚಿನ ವೇಳೆ ಅದು ಸರಿಯಾಗಿಯೂ ಇರುತ್ತದೆ. ಆದರೆ ಆ ಮಾತನ್ನು ಪೊಲೀಸ್ ಠಾಣೆಗೋ ನ್ಯಾಯಾಲಯಕ್ಕೋ ಕೊಂಡೊಯ್ಯಲಾಗುವುದಿಲ್ಲ. ಬರೇ ಗುಮಾನಿಯ ಮೇಲೆ ಒಬ್ಬರ ಮಾನ ಕಳೆಯುವುದೂ ಸಣ್ಣ ಪಾಪವಲ್ಲ. ಆದ್ದರಿಂದಲೇ ನಾವು ಎರಡು ವರ್ಷಗಳ ಹಿಂದೆ ಚಹಾದಂಗಡಿಯ ಮಾತನ್ನು ಬದಿಗಿಟ್ಟು ಕಂಪೆನಿ ರಿಜಿಸ್ಟ್ರಾರರ ಕಡತಗಳನ್ನು ಓದಲು ಕುಳಿತೆವು.

ನಾವೆಂದರೆ ಮೂವರು. ಒಬ್ಬರು ಶಾಲಾ ಮಾಸ್ಟ್ರು, ಒಬ್ಬರು ನಿವೃತ್ತ ಬ್ಯಾಂಕ್ ಮ್ಯಾನೇಜರ್, ಇನ್ನೊಬ್ಬಳು ಕಂಪೆನಿ ಸೆಕ್ರೆಟರಿ ಪರೀಕ್ಷೆಗೆ ಓದುತ್ತಿರುವ ನೆರೆಮನೆಯ ಹುಡುಗಿ. ಕಾರಣವಾದದ್ದು ಒಂದು ಸೂಪರ್ ಮಾರ್ಕೆಟ್. ಊರಿನ ಬಸ್‌ಸ್ಟ್ಯಾಂಡಿನ ಬಳಿ ಅದರ ದೊಡ್ಡ ಮಳಿಗೆ, ಪಕ್ಕದ ಎರಡು ಪೇಟೆಗಳಲ್ಲಿ ಶಾಖೆ. ಒಂದು ಲಕ್ಷ ರೂಪಾಯಿ ಹಾಕಿದರೆ ತಿಂಗಳಿಗೆ 2,000 ರೂಪಾಯಿ 'ಲಾಭದ ಪಾಲು'. ಬಡ್ಡಿಯಲ್ಲ, ವ್ಯಾಪಾರದ ಲಾಭ ಎಂದು ಒತ್ತಿ ಹೇಳುತ್ತಿದ್ದರು. ಬಡ್ಡಿಯಿಂದ ದೂರವಿರಬೇಕೆಂಬ ಜನರಿಗೆ ಆ ಒಂದು ಮಾತೇ ಸಾಕಾಗುತ್ತದೆ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಕುಸಿದು ಸಾವಿರಾರು ಕುಟುಂಬಗಳು ಬೀದಿಗೆ ಬಂದದ್ದನ್ನು ಕಂಡ ಮೇಲೂ ಸಾಕಾಗುತ್ತದೆ. ಗಲ್ಫ್‌ನಲ್ಲಿ ತೀರಿಕೊಂಡ ಗಂಡನ ಬಾಬ್ತು ಬಂದ ಎಂಟು ಲಕ್ಷವನ್ನು ಒಬ್ಬ ಹೆಂಗಸು ಅಲ್ಲಿ ಹಾಕಿದ್ದರು. ಮೂರು ತಿಂಗಳಿಂದ ಪಾಲು ಬಂದಿರಲಿಲ್ಲ. ಕೇಳಲು ಹೋದರೆ ಮ್ಯಾನೇಜಿಂಗ್ ಡೈರೆಕ್ಟರ್ ಎನಿಸಿಕೊಂಡ ಮೂವತ್ತರ ಯುವಕ "ಮೇಲೆ ಕೇಳಿ ಹೇಳುತ್ತೇನೆ ಅಕ್ಕ" ಎಂದನಂತೆ. ಮ್ಯಾನೇಜಿಂಗ್ ಡೈರೆಕ್ಟರನ ಮೇಲೆ ಯಾರಿದ್ದಾರೆ? ನಮ್ಮ ಓದು ಆರಂಭವಾದದ್ದು ಈ ಒಂದು ಪ್ರಶ್ನೆಯಿಂದ.

ಮಳಿಗೆಯ ಗೋಡೆಯಲ್ಲಿ ಗಾಜಿನ ಚೌಕಟ್ಟು ಹಾಕಿದ ಸರ್ಟಿಫಿಕೇಟೊಂದು ತೂಗಾಡುತ್ತಿತ್ತು. ಕೇಂದ್ರ ಸರಕಾರದ ಲಾಂಛನವಿರುವ ನೋಂದಣಿ ಪತ್ರ. ಅದನ್ನು ನೋಡಿ ಹಣ ಹಾಕಿದವರು ಅನೇಕರು. ಇಲ್ಲೊಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಆ ಪತ್ರದ ಅರ್ಥ ಕಂಪೆನಿ ಹುಟ್ಟಿದೆ ಎಂದಷ್ಟೇ. ಅದು ಒಳ್ಳೆಯದೆಂದಾಗಲಿ, ಅದರ ವ್ಯವಹಾರವನ್ನು ಸರಕಾರ ಪರೀಕ್ಷಿಸಿದೆಯೆಂದಾಗಲಿ ಅರ್ಥವಲ್ಲ. ಜನನ ಪ್ರಮಾಣಪತ್ರವನ್ನು ಯಾರಾದರೂ ಗುಣನಡತೆಯ ಪತ್ರವೆಂದು ತೋರಿಸಿದರೆ ನಾವು ನಗುತ್ತೇವೆ. ಕಂಪೆನಿಯ ವಿಷಯದಲ್ಲಿ ಮಾತ್ರ ನಗುವುದಿಲ್ಲ.

ಆದರೂ ಆ ಪತ್ರದಿಂದ ನಮಗೊಂದು ಉಪಕಾರವಾಯಿತು. ಅದರಲ್ಲಿ ಕಂಪೆನಿಯ ಗುರುತಿನ ಸಂಖ್ಯೆ ಇತ್ತು. ಭಾರತದ ಪ್ರತಿಯೊಂದು ಕಂಪೆನಿಗೂ 21 ಅಕ್ಷರಾಂಕಗಳ ಇಂಥ ಒಂದು ಸಂಖ್ಯೆ ಇರುತ್ತದೆ. ಎಲ್ಲರಿಗೂ ಗೊತ್ತಿರುವ ಇನ್ಫೋಸಿಸ್‌ನದ್ದು ಹೀಗಿದೆ:

```
L85110KA1981PLC013115
```

ಮೊದಲ ಅಕ್ಷರ ಷೇರುಪೇಟೆಯಲ್ಲಿ ಇದೆಯೆಂಬುದನ್ನು ಹೇಳುತ್ತದೆ. ಇಲ್ಲದಿದ್ದರೆ ಅಲ್ಲಿ U ಇರುತ್ತದೆ. ಮುಂದಿನ ಐದು ಅಂಕೆ ಉದ್ಯಮದ ಬಗೆ, ಆಮೇಲೆ ರಾಜ್ಯ, ಹುಟ್ಟಿದ ವರ್ಷ, ಸಾರ್ವಜನಿಕವೋ ಖಾಸಗಿಯೋ ಎಂಬುದು, ಕೊನೆಗೆ ನೋಂದಣಿ ಸಂಖ್ಯೆ. ನಮ್ಮ ಸೂಪರ್ ಮಾರ್ಕೆಟಿನದ್ದು U ಅಕ್ಷರದಿಂದ ಆರಂಭವಾಗಿ, ನಡುವೆ 2018 ಎಂದೂ PTC ಎಂದೂ ಇತ್ತು. ಅಂದರೆ 2018ರಲ್ಲಿ ಹುಟ್ಟಿದ ಖಾಸಗಿ ಕಂಪೆನಿ. "ಇಪ್ಪತ್ತು ವರ್ಷಗಳ ವಿಶ್ವಾಸ" ಎಂಬ ಫಲಕ ಮಳಿಗೆಯ ಮುಂದೆ ಹೊಳೆಯುತ್ತಿತ್ತು. ಖಾಸಗಿ ಕಂಪೆನಿಯೆಂದರೆ ಷೇರುದಾರರು 200ಕ್ಕಿಂತ ಹೆಚ್ಚಿರಕೂಡದು, ಸಾರ್ವಜನಿಕರಿಂದ ಬಂಡವಾಳ ಕೇಳಲೂ ಕೂಡದು. ಇಷ್ಟು ತಿಳಿಯಲು ನಮಗೆ ಒಂದು ಪೈಸೆ ಖರ್ಚಾಗಲಿಲ್ಲ.

ಹಿಂದೆ ಇಂಥ ಕಡತ ನೋಡಬೇಕಿದ್ದರೆ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಿ ರಿಜಿಸ್ಟ್ರಾರರ ಕಚೇರಿಯಲ್ಲಿ ಕಾಯಬೇಕಿತ್ತು. 2006ರಿಂದ ಕಂಪೆನಿಗಳ ದಾಖಲೆಗಳೆಲ್ಲ ಕಂಪ್ಯೂಟರಿಗೆ ಬಂದವು. ಈಗ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ mca.gov.in ತಾಣದಲ್ಲಿ ಖಾತೆ ತೆರೆದು, ಕಂಪೆನಿಯೊಂದಕ್ಕೆ ನೂರು ರೂಪಾಯಿ ಕಟ್ಟಿದರೆ ಅದು ಸಲ್ಲಿಸಿದ ಸಾರ್ವಜನಿಕ ದಾಖಲೆಗಳನ್ನು ಯಾರು ಬೇಕಾದರೂ ನೋಡಬಹುದು. ಹಣ ಹಾಕಿದವರೇ ಆಗಿರಬೇಕೆಂದಿಲ್ಲ, ಕಾರಣ ಹೇಳಬೇಕೆಂದೂ ಇಲ್ಲ. ನೋಡಲು ಸಮಯದ ಮಿತಿಯಿದೆ, ಹಾಗಾಗಿ ಕೂಡಲೇ ಎಲ್ಲವನ್ನೂ ಇಳಿಸಿಟ್ಟುಕೊಳ್ಳುವುದು ಒಳ್ಳೆಯದು. ಹಳೆಯ ಫಾರಂಗಳಲ್ಲಿ ಇನ್ನೊಂದು ಸೂಕ್ಷ್ಮವಿದೆ. ಫಾರಂ ತೆರೆದಾಗ ಕಾಣುವುದು ಬರೇ ಮೇಲುಹೊದಿಕೆ. ಮುಖ್ಯ ಕಾಗದಗಳು ಆ ಪಿಡಿಎಫ್‌ನ ಒಳಗೆ ಲಗತ್ತಾಗಿ ಅಡಗಿರುತ್ತವೆ. ಮೊಬೈಲಿನಲ್ಲಿ ತೆರೆದವರಿಗೆ ಅವು ಕಾಣುವುದೇ ಇಲ್ಲ. ಕಂಪ್ಯೂಟರಿನಲ್ಲಿ ಅಕ್ರೋಬ್ಯಾಟ್ ರೀಡರ್‌ನಿಂದ ತೆರೆದು, ಕಾಗದ ಸಿಕ್ಕಿಸುವ ಕ್ಲಿಪ್ಪಿನ ಚಿತ್ರವನ್ನು ಒತ್ತಬೇಕು. ನಮಗೆ ಸಿಕ್ಕಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚಿನದು ಆ ಕ್ಲಿಪ್ಪಿನ ಹಿಂದೆಯೇ ಇತ್ತು.

ಮೊದಲು ನೋಡಿದ್ದು ಷೇರುದಾರರ ಪಟ್ಟಿ. ಪ್ರತಿ ಕಂಪೆನಿಯೂ ವರ್ಷಕ್ಕೊಮ್ಮೆ MGT-7 ಎಂಬ ವರದಿ ಸಲ್ಲಿಸಬೇಕು. ಸಣ್ಣ ಕಂಪೆನಿಗಳಾದರೆ ಈಚೆಗೆ MGT-7A. ಆ ವರ್ಷದ ಮಾರ್ಚ್ 31ಕ್ಕೆ ಯಾರ ಬಳಿ ಎಷ್ಟು ಷೇರು ಇತ್ತೆಂಬ ಪಟ್ಟಿ ಇದರೊಡನೆ ಇರುತ್ತದೆ. ಹೆಚ್ಚಿನವರು ಕೊನೆಯ ವರ್ಷದ ಪಟ್ಟಿ ನೋಡಿ ಮುಗಿಸುತ್ತಾರೆ. ಅದು ಸಾಲದು. ಖಾಸಗಿ ಕಂಪೆನಿಯ ಷೇರು ಒಬ್ಬರಿಂದ ಇನ್ನೊಬ್ಬರ ಹೆಸರಿಗೆ ಹೋದಾಗ ಆಗಿಂದಾಗಲೇ ರಿಜಿಸ್ಟ್ರಾರರಿಗೆ ತಿಳಿಸುವ ಫಾರಂ ಇಲ್ಲ. ವರ್ಷದ ವರದಿಯಲ್ಲಿ ಮಾತ್ರ ಅದು ಗೋಚರಿಸುತ್ತದೆ. ಆದ್ದರಿಂದ ಎಲ್ಲ ವರ್ಷಗಳ ಪಟ್ಟಿಗಳನ್ನು ಮೇಜಿನ ಮೇಲೆ ಸಾಲಾಗಿ ಹರಡಿ, ಬೆರಳಿಟ್ಟು ಓದಬೇಕು.

ನಮ್ಮ ಕಂಪೆನಿ ಹುಟ್ಟುವಾಗ ಇಬ್ಬರೇ ಇದ್ದರು. ಆ ಯುವಕ ಮತ್ತು ಅವನ ಸೋದರತ್ತೆ, ತಲಾ 5,000 ಷೇರು, ಒಂದಕ್ಕೆ ಹತ್ತು ರೂಪಾಯಿ. ಬಂಡವಾಳ ಒಟ್ಟು ಒಂದು ಲಕ್ಷ. 2020ರ ಜನವರಿಯಲ್ಲಿ ಹೊಸದಾಗಿ 90,000 ಷೇರು ಹಂಚಲಾಗಿತ್ತು. ಹೊಸ ಷೇರು ಹಂಚಿದಾಗ ಸಲ್ಲಿಸುವ ಫಾರಂ PAS-3. ಅದರ ಪಟ್ಟಿಯಲ್ಲಿ ಪಡೆದವರ ಹೆಸರಿನ ಜೊತೆಗೆ ವಿಳಾಸ, ಉದ್ಯೋಗಗಳೂ ಇರುತ್ತವೆ. ಹನ್ನೊಂದು ಮಂದಿ ಪಡೆದಿದ್ದರು. ಆರು ಮಂದಿಗೆ ತಲಾ 9,500, ಐದು ಮಂದಿಗೆ ತಲಾ 6,600. ಉದ್ಯೋಗದ ಅಂಕಣದಲ್ಲಿ ಚಾಲಕ, ಗೃಹಿಣಿ, ವಿದ್ಯಾರ್ಥಿ, ಅಂಗಡಿ ಕೆಲಸ ಎಂದಿತ್ತು. ಆರು ಮಂದಿಯಲ್ಲಿ ನಾಲ್ವರ ವಿಳಾಸ ಒಂದೇ ಕಟ್ಟಡದ್ದು; ಒಂದರಲ್ಲಿ 'ರೋಡ್' ಎಂದು, ಇನ್ನೊಂದರಲ್ಲಿ 'ಕ್ರಾಸ್' ಎಂದು ಬರೆದಿದ್ದರೂ ಬಾಗಿಲ ಸಂಖ್ಯೆಗಳು ಒಂದರ ಹಿಂದೆ ಒಂದಾಗಿದ್ದವು.

ಒಬ್ಬನಿಗೂ ಶೇಕಡಾ ಹತ್ತು ಇರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಅತಿ ಹೆಚ್ಚೆಂದರೆ ಒಂಬತ್ತೂವರೆ. 2019ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ ಯಾರಾದರೂ ಇತರರ ಮೂಲಕ, ಹಿಂದಿನಿಂದ, ಶೇಕಡಾ ಹತ್ತು ಅಥವಾ ಹೆಚ್ಚಿನ ಪಾಲು ಹೊಂದಿದ್ದರೆ ಅಥವಾ ಕಂಪೆನಿಯ ಮೇಲೆ ಹಿಡಿತ ಹೊಂದಿದ್ದರೆ ಅದನ್ನು ಘೋಷಿಸಬೇಕು. ಕಂಪೆನಿ BEN-2 ಎಂಬ ಫಾರಂ ಸಲ್ಲಿಸಬೇಕು. ಪಾಲನ್ನು ತುಂಡು ತುಂಡಾಗಿ ಕತ್ತರಿಸಿ ಹತ್ತರ ಕೆಳಗಿಟ್ಟರೆ ಪಾರಾಗಬಹುದೆಂದು ಕೆಲವರಿಗೆ ಭ್ರಮೆ. ಹಾಗಾಗುವುದಿಲ್ಲ. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಷೇರು ಇಟ್ಟರೆ ಅದು ಒಂದೇ ಷೇರಾಗಿದ್ದರೂ ಇಬ್ಬರೂ ಬರೆದು ತಿಳಿಸಬೇಕು, ಕಂಪೆನಿ ಅದನ್ನು MGT-6ರಲ್ಲಿ ರಿಜಿಸ್ಟ್ರಾರರಿಗೆ ಒಪ್ಪಿಸಬೇಕು. ಆ ಎರಡು ಫಾರಂಗಳಲ್ಲಿ ಒಂದೂ ನಮ್ಮ ಕಡತದಲ್ಲಿರಲಿಲ್ಲ. ಇಲ್ಲದ ಕಾಗದವೂ ಒಂದು ಸಂಗತಿಯೇ. ಆದರೆ ಅದರಿಂದ ಯಾವುದೂ ಸಾಬೀತಾಗುವುದಿಲ್ಲ. ಹನ್ನೊಂದು ಮಂದಿ ಬಡವರು ಕೂಡಿ ನಿಜವಾಗಿಯೂ ಅಂಗಡಿ ತೆರೆದಿರಬಹುದಲ್ಲ?

ಅನುಮಾನ ಬಲವಾದದ್ದು 2022ರ ಪಟ್ಟಿ ನೋಡಿದಾಗ. ಚಾಲಕನ ಹೆಸರು ಹೋಗಿತ್ತು. ಅವನ 9,500 ಷೇರು ಒಂದೂ ಕಡಿಮೆಯಾಗದೆ ಬೇರೊಬ್ಬನ ಹೆಸರಿಗೆ ಬಂದಿತ್ತು. ವಿಚಾರಿಸಿದರೆ ಹಳೆಯ ಚಾಲಕ ಸೌದಿಗೆ ಹೋಗಿದ್ದಾನೆ, ಈ ಹೊಸಬ ಅವನ ಜಾಗಕ್ಕೆ ಬಂದ ಚಾಲಕ. ನಮ್ಮ ಬ್ಯಾಂಕ್ ಮ್ಯಾನೇಜರ್ ಕನ್ನಡಕ ತೆಗೆದು ನಕ್ಕರು. "ನೋಡಿ ಮಾಸ್ಟ್ರೇ, ಕಾರಿನ ಕೀಲಿಕೈ ಜೊತೆಗೆ ಷೇರನ್ನೂ ಒಪ್ಪಿಸಿ ಹೋಗಿದ್ದಾನೆ."

ಸರಿ, ಇವರು ಕಾಗದದ ಮಾಲೀಕರು. ಅಸಲು ಯಾರು? ಷೇರಿನ ಪಟ್ಟಿಯನ್ನು ಎಷ್ಟು ಓದಿದರೂ ಆ ಹೆಸರು ಅಲ್ಲಿ ಸಿಗುವುದಿಲ್ಲ, ಏಕೆಂದರೆ ಆ ಪಟ್ಟಿಯನ್ನು ಬರೆದವರು ಹೆಸರು ಮರೆಮಾಡಲೆಂದೇ ಬರೆದಿರುತ್ತಾರೆ. ರಿಜಿಸ್ಟ್ರಾರರ ಕಚೇರಿ ಇದನ್ನು ಮನೆಗೆ ಹೋಗಿ ಪರಿಶೀಲಿಸುವುದಿಲ್ಲ. ಕಂಪೆನಿ ತನ್ನ ಬಗ್ಗೆ ತಾನೇ ಹೇಳಿದ್ದನ್ನು ಡಿಜಿಟಲ್ ಸಹಿಯೊಂದಿಗೆ ಸ್ವೀಕರಿಸಿ ಇಡುತ್ತದೆ, ಅಷ್ಟೇ. ಹಾಗಾದರೆ ಓದಬೇಕಾದದ್ದು ಕಂಪೆನಿ ತಾನಾಗಿ ಬರೆದ ಕಾಗದವನ್ನಲ್ಲ, ಬೇರೆ ಯಾರೋ ತಮ್ಮ ಹಣದ ಭದ್ರತೆಗಾಗಿ ಅದರಿಂದ ಬರೆಸಿಕೊಂಡ ಕಾಗದವನ್ನು. ಈ ಮಾತು ಹೇಳಿದವರು ನಮ್ಮ ಬ್ಯಾಂಕ್ ಮ್ಯಾನೇಜರರೇ. ಮೂವತ್ತೈದು ವರ್ಷ ಸಾಲ ಕೊಟ್ಟು ವಸೂಲಿ ಮಾಡಿದವರು ಅವರು. ಚಾಲಕನ ಸಹಿ ನಂಬಿ ಯಾವ ಬ್ಯಾಂಕೂ ಕೋಟಿ ರೂಪಾಯಿ ಕೊಡುವುದಿಲ್ಲ.

ಕಂಪೆನಿ ತನ್ನ ಆಸ್ತಿಯ ಮೇಲೆ ಸಾಲ ಪಡೆದರೆ ಅದನ್ನು CHG-1 ಎಂಬ ಫಾರಂನಲ್ಲಿ ನೋಂದಾಯಿಸಬೇಕು. ನೋಂದಾಯಿಸದಿದ್ದರೆ ಕಂಪೆನಿ ಮುಳುಗಿದ ದಿನ ತನ್ನ ಹಕ್ಕು ನಿಲ್ಲದೆಂಬ ಭಯ ಬ್ಯಾಂಕಿಗೆ ಇರುವುದರಿಂದ ಈ ಫಾರಂ ಹೆಚ್ಚಾಗಿ ತಪ್ಪುವುದಿಲ್ಲ. ಕಂಪೆನಿ ಯಾವ ಬ್ಯಾಂಕಿಗೆ ಎಷ್ಟಕ್ಕೆ ಆಸ್ತಿ ಒತ್ತೆಯಿಟ್ಟಿದೆ ಎಂಬ ಸೂಚಿ ಪುಕ್ಕಟೆಯಾಗಿಯೇ ಕಾಣುತ್ತದೆ. ನಮ್ಮ ಸೂಪರ್ ಮಾರ್ಕೆಟ್ 2022ರಲ್ಲಿ ಒಂದು ಸಹಕಾರಿ ಬ್ಯಾಂಕಿನಿಂದ ಒಂದೂವರೆ ಕೋಟಿ ಪಡೆದಿತ್ತು. ಫಾರಂನ ಲಗತ್ತಿನಲ್ಲಿ ಬ್ಯಾಂಕಿನ ಸಾಲ ಮಂಜೂರಾತಿ ಪತ್ರ, ಒಂಬತ್ತು ಪುಟ. ಏಳನೆಯ ಪುಟದಲ್ಲಿ 'ವೈಯಕ್ತಿಕ ಜಾಮೀನು' ಎಂಬ ಶೀರ್ಷಿಕೆಯ ಕೆಳಗೆ ಎರಡು ಹೆಸರು. ಒಂದು ಆ ಯುವಕನದು. ಎರಡನೆಯದು ಕಂಪೆನಿಯ ಯಾವ ಪಟ್ಟಿಯಲ್ಲೂ ಇಲ್ಲದ ಒಬ್ಬ ಹಿರಿಯರದು. ಹೆಸರಿನ ಮುಂದೆ ಬ್ಯಾಂಕು ಒಂದೇ ಶಬ್ದ ಬರೆದಿತ್ತು: ಪ್ರವರ್ತಕರು. ಜೊತೆಗೆ ಆಧಾರವಾಗಿ ಇಟ್ಟ ಮನೆ ಅವರ ಪತ್ನಿಯ ಹೆಸರಿನದು.

ಚಹಾದಂಗಡಿಯಲ್ಲಿ ಓಡಾಡುತ್ತಿದ್ದ ಹೆಸರೂ ಅದೇ. ಆದರೆ ಅಲ್ಲಿಗೆ ನಿಲ್ಲಿಸಿಬಿಟ್ಟರೆ ದೊಡ್ಡ ಅನ್ಯಾಯವಾದೀತು. ನಮ್ಮಲ್ಲಿ ಒಂದೇ ಹೆಸರಿನವರು ಒಂದು ಓಣಿಗೆ ಹತ್ತು ಮಂದಿ. ಅಬ್ದುಲ್ ಖಾದರ್ ಎಂಬ ಒಂದು ಹೆಸರನ್ನು ಇಂಗ್ಲಿಷಿನಲ್ಲಿ ಐದಾರು ಬಗೆಯಲ್ಲಿ ಬರೆಯುತ್ತಾರೆ. ಒಬ್ಬನೇ ಮನುಷ್ಯ ಪಾಸ್‌ಪೋರ್ಟಿನಲ್ಲಿ ಒಂದು ಬಗೆ, ಪಡಿತರ ಚೀಟಿಯಲ್ಲಿ ಇನ್ನೊಂದು ಬಗೆ. ತಂದೆಯ ಹೆಸರು ಕೆಲವರಲ್ಲಿ ಮುಂದೆ, ಕೆಲವರಲ್ಲಿ ಹಿಂದೆ, ಕೆಲವರಲ್ಲಿ ಒಂದಕ್ಷರವಾಗಿ ಕುಗ್ಗಿರುತ್ತದೆ. ಹೆಸರು ಹೊಂದಿದ ಮಾತ್ರಕ್ಕೆ ಇಬ್ಬರನ್ನು ಒಬ್ಬರೆನ್ನುವುದು ಇಂಥ ಓದಿನಲ್ಲಿ ಆಗುವ ಅತಿ ದೊಡ್ಡ ಪ್ರಮಾದ. ಹಾಗೆಯೇ ಬರವಣಿಗೆ ಬೇರೆಯೆಂದು ಒಬ್ಬನನ್ನು ಇಬ್ಬರೆಂದು ಬಿಟ್ಟುಬಿಡುವುದೂ ಉಂಟು. ನಿರ್ದೇಶಕರಾದವರಿಗೆ ಎಂಟು ಅಂಕೆಗಳ ಒಂದು ಸಂಖ್ಯೆ ಇರುತ್ತದೆ, ಒಬ್ಬರಿಗೆ ಒಂದೇ, ಜೀವಮಾನಕ್ಕೆ. ಹೆಸರು ಹೇಗೆ ಬರೆದರೂ ಆ ಸಂಖ್ಯೆ ಬದಲಾಗುವುದಿಲ್ಲ. ಆದರೆ ಈ ಹಿರಿಯರು ಸೂಪರ್ ಮಾರ್ಕೆಟಿನ ನಿರ್ದೇಶಕರೇ ಅಲ್ಲ. ಇಲ್ಲಿ ಅವರ ಸಂಖ್ಯೆ ಸಿಗುವಂತಿಲ್ಲ.

ಊರಿನ ಹಳಬರೊಬ್ಬರು ನೆನಪಿಸಿದರು. 2007ರ ಸುಮಾರಿಗೆ ಇದೇ ಹೆಸರಿನವರು ಒಂದು ಹಣಕಾಸು ಕಂಪೆನಿ ನಡೆಸಿ, ಐದಾರು ವರ್ಷದಲ್ಲಿ ಬಾಗಿಲು ಹಾಕಿ, ಮೀನು ಮಾರುವ ಹೆಂಗಸರ ದಿನಗೂಡಿಕೆಯ ಹಣವನ್ನೂ ಬಿಡದೆ ಮುಳುಗಿಸಿದ್ದರು. ಆ ಕಂಪೆನಿಯ ಕಡತಕ್ಕೆ ಇನ್ನೊಂದು ನೂರು ರೂಪಾಯಿ ಕಟ್ಟಿದೆವು. ಸತ್ತ ಕಂಪೆನಿಯ ಕಾಗದಗಳೂ ಉಳಿದಿರುತ್ತವೆ. ಅಂದಿನ ಫಾರಂ 32ರಲ್ಲಿ, ನಿರ್ದೇಶಕರ ನೇಮಕಕ್ಕೆ ಆಗ ಬಳಸುತ್ತಿದ್ದ ಫಾರಂ ಅದು, ಅವರ ತಂದೆಯ ಹೆಸರು, ಮನೆ ವಿಳಾಸ ಎಲ್ಲ ಇತ್ತು. ಬ್ಯಾಂಕಿನ ಪತ್ರದಲ್ಲೂ ತಂದೆಯ ಹೆಸರು, ವಿಳಾಸ ಇತ್ತು. ಎರಡೂ ಒಂದೇ. ಆಧಾರವಾಗಿ ಇಟ್ಟ ಮನೆಯ ಬಾಗಿಲ ಸಂಖ್ಯೆ ಹಳೆಯ ಕಂಪೆನಿಯ ನೋಂದಾಯಿತ ಕಚೇರಿಯ ಬಾಗಿಲ ಸಂಖ್ಯೆಯೂ ಹೌದು.

ಇನ್ನೊಂದು ಎಳೆಯನ್ನು ಹುಡುಕಿದವಳು ಕಂಪೆನಿ ಸೆಕ್ರೆಟರಿಗೆ ಓದುವ ಹುಡುಗಿ. ಕಂಪೆನಿ ತನ್ನ ಕಚೇರಿ ಬದಲಿಸಿದಾಗ INC-22 ಸಲ್ಲಿಸಬೇಕು. ಬಾಡಿಗೆಯ ಜಾಗವಾದರೆ ಕಟ್ಟಡದ ಯಜಮಾನರ ಒಪ್ಪಿಗೆ ಪತ್ರ, ಕರೆಂಟು ಬಿಲ್ಲು ಮುಂತಾದವನ್ನು ಲಗತ್ತಿಸಬೇಕು. ಯಾರೂ ಈ ಫಾರಂ ತೆರೆದು ನೋಡುವುದಿಲ್ಲ, ಆದ್ದರಿಂದ ಯಾರೂ ಇದರಲ್ಲಿ ಹೆಚ್ಚು ಜಾಗರೂಕರಾಗಿರುವುದೂ ಇಲ್ಲ. 2019ರ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದವರು ಅದೇ ಹಿರಿಯರ ಪತ್ನಿ. ಬಾಡಿಗೆ ತಿಂಗಳಿಗೆ ಒಂದು ಸಾವಿರ ರೂಪಾಯಿ! ಬಸ್‌ಸ್ಟ್ಯಾಂಡಿನ ಬಳಿ ಒಂದು ಗೂಡಂಗಡಿಗೂ ಅಷ್ಟಕ್ಕೆ ಜಾಗ ಸಿಗದು.

ಈ ಮನುಷ್ಯ ತನ್ನ ಹೆಸರನ್ನು ಏಕೆ ಮರೆಸಿದ ಎಂಬುದಕ್ಕೂ ಕಾಗದದಲ್ಲೇ ಉತ್ತರವಿತ್ತು. ಹಳೆಯ ಕಂಪೆನಿ 2012ರ ನಂತರ ಯಾವ ವರದಿಯನ್ನೂ ಸಲ್ಲಿಸಿರಲಿಲ್ಲ. 2017ರಲ್ಲಿ ಕೇಂದ್ರ ಸರಕಾರ ಇಂಥ ಎರಡು ಲಕ್ಷಕ್ಕೂ ಹೆಚ್ಚು ಕಂಪೆನಿಗಳ ಹೆಸರನ್ನು ಒಮ್ಮೆಗೇ ರಿಜಿಸ್ಟರಿನಿಂದ ಅಳಿಸಿತು. ಸತತ ಮೂರು ವರ್ಷ ವರದಿ ಕೊಡದ ಕಂಪೆನಿಗಳ ನಿರ್ದೇಶಕರನ್ನು ಐದು ವರ್ಷದ ಮಟ್ಟಿಗೆ ಅನರ್ಹಗೊಳಿಸಿತು. ಇವರೂ ಆ ಪಟ್ಟಿಯಲ್ಲಿದ್ದರು. 2018ರಲ್ಲಿ ಹೊಸ ಕಂಪೆನಿ ತೆರೆಯುವಾಗ ಅವರು ನಿರ್ದೇಶಕರಾಗುವಂತೆಯೇ ಇರಲಿಲ್ಲ. ಅವಧಿ ಮುಗಿದ ಮೇಲೂ ಮುಂದೆ ಬರಲಿಲ್ಲ; ಮೀನಿನ ಹೆಂಗಸರ ನೆನಪಿಗೆ ಐದು ವರ್ಷದ ಅವಧಿಯಿಲ್ಲವಲ್ಲ.

ಮರೆಯಲ್ಲಿ ನಿಂತ ಒಡೆಯರ ಪ್ರಶ್ನೆ ಕೇವಲ ನಮ್ಮಂಥ ಪೇಟೆಗಳದ್ದಲ್ಲ. 2024ರ ಮೇ ತಿಂಗಳಲ್ಲಿ ದಿಲ್ಲಿಯ ಕಂಪೆನಿ ರಿಜಿಸ್ಟ್ರಾರರು ಲಿಂಕ್ಡ್‌ಇನ್‌ನ ಭಾರತೀಯ ಕಂಪೆನಿಗೂ, ಮೈಕ್ರೋಸಾಫ್ಟಿನ ಸತ್ಯ ನಾಡೆಲ್ಲಾ ಸೇರಿದಂತೆ ಹಲವರಿಗೂ ಒಟ್ಟು ಸುಮಾರು 27 ಲಕ್ಷ ರೂಪಾಯಿ ದಂಡ ಹಾಕಿದರು. ಅಲ್ಲಿ ಯಾರೂ ಮೋಸ ಮಾಡಿದ್ದಾರೆಂದಲ್ಲ. ಭಾರತದ ಕಂಪೆನಿಯ ಮೇಲೆ ಕೊನೆಯ ಹಿಡಿತ ಯಾರದೆಂದು ಘೋಷಿಸಿರಲಿಲ್ಲ ಎಂಬುದು ಕಾರಣ. ರಿಜಿಸ್ಟ್ರಾರರು ಷೇರಿನ ಲೆಕ್ಕವನ್ನಷ್ಟೇ ನೋಡದೆ ಯಾರು ಯಾರಿಗೆ ವರದಿ ಒಪ್ಪಿಸುತ್ತಾರೆ, ಯಾರ ಮಾತು ನಡೆಯುತ್ತದೆ ಎಂಬುದನ್ನು ನೋಡಿದರು. "ಮೇಲೆ ಕೇಳಿ ಹೇಳುತ್ತೇನೆ" ಎಂಬ ನಮ್ಮ ಯುವಕನ ಮಾತಿಗೂ ಕಾನೂನಿನಲ್ಲಿ ಬೆಲೆಯಿದೆಯೆಂದು ನಮಗೆ ತಿಳಿದದ್ದು ಆಗ.

ಇನ್ನು ಹಣದ ವಿಷಯ. ಆ ಹೆಂಗಸಿನ ಬಳಿ ಬಂಗಾರದ ಅಂಚಿನ 'ಷೇರು ಸರ್ಟಿಫಿಕೇಟ್' ಇತ್ತು. ಅಸಲು ಷೇರು ಪತ್ರದಲ್ಲಿ ಫೋಲಿಯೋ ಸಂಖ್ಯೆ, ಷೇರುಗಳು ಯಾವ ಸಂಖ್ಯೆಯಿಂದ ಯಾವ ಸಂಖ್ಯೆಯವರೆಗೆ ಎಂಬ ವಿವರ ಇರಬೇಕು. ಇದರಲ್ಲಿ ಎರಡೂ ಇರಲಿಲ್ಲ. ಅವರು ಒಂದು ಸಂಜೆ ಬಂದು, ಮೇಜಿನ ಮೇಲೆ ಹರಡಿದ್ದ ಪಟ್ಟಿಗಳನ್ನು ನೋಡಿ ಕೇಳಿದರು, "ಮಾಸ್ಟ್ರೇ, ಇದರಲ್ಲಿ ನನ್ನ ಹೆಸರು ಯಾವ ಪುಟದಲ್ಲಿದೆ?" ಯಾವ ಪುಟದಲ್ಲೂ ಇರಲಿಲ್ಲ. ಅವರದ್ದು ಮಾತ್ರವಲ್ಲ, ಹಣ ಕೊಟ್ಟ ಒಬ್ಬರ ಹೆಸರೂ ಇರಲಿಲ್ಲ. ಹಾಗಾದರೆ ಆ ಹಣ ಲೆಕ್ಕದಲ್ಲಿ ಎಲ್ಲಿದೆ? ವಾರ್ಷಿಕ ಲೆಕ್ಕಪತ್ರ ಸಲ್ಲಿಸುವ ಫಾರಂ AOC-4. ಅದರ ಟಿಪ್ಪಣಿಗಳಲ್ಲಿ 'ಗ್ರಾಹಕರಿಂದ ಪಡೆದ ಮುಂಗಡ' ಎಂಬ ಸಾಲಿನ ಮುಂದೆ ಐದು ಕೋಟಿ 75 ಲಕ್ಷ ಎಂದಿತ್ತು. ಆ ವರ್ಷದ ಇಡೀ ಮಾರಾಟ ಮೂರು ಕೋಟಿ 10 ಲಕ್ಷ. ದಿನಸಿ ಅಂಗಡಿಗೆ ಎರಡು ವರ್ಷದ ಅಕ್ಕಿಬೇಳೆಯ ದುಡ್ಡನ್ನು ಮುಂಗಡವಾಗಿ ಕೊಡುವ ಗ್ರಾಹಕರನ್ನು ನಾವು ಎಲ್ಲೂ ಕಂಡಿಲ್ಲ.

ಹೀಗೆ ಬರೆದದ್ದರ ಹಿಂದೆ ಲೆಕ್ಕಾಚಾರವಿದೆ. ಖಾಸಗಿ ಕಂಪೆನಿ ಸಾರ್ವಜನಿಕರಿಂದ ಠೇವಣಿ ಪಡೆಯುವಂತಿಲ್ಲ. ಆದರೆ ಸರಕು ಪೂರೈಸಲು ಪಡೆದ ಮುಂಗಡ ಠೇವಣಿಯಲ್ಲ, 365 ದಿನಗಳೊಳಗೆ ಸರಕು ಕೊಟ್ಟು ಲೆಕ್ಕ ಚುಕ್ತಾ ಮಾಡಿದರೆ. ನಮ್ಮ ಕಂಪೆನಿಯಲ್ಲಿ ಆ ಮೊತ್ತ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಲೇ ಹೋಗಿತ್ತು. ಲಕ್ಷಕ್ಕೆ ತಿಂಗಳಿಗೆ 2,000ದಂತೆ ಅಷ್ಟೂ ಹಣಕ್ಕೆ ಪಾಲು ಕೊಡಲು ವರ್ಷಕ್ಕೆ ಒಂದು ಕೋಟಿ 38 ಲಕ್ಷ ಬೇಕು. ಕಂಪೆನಿ ತೋರಿಸಿದ ಲಾಭ ನಾಲ್ಕು ಲಕ್ಷ ಚಿಲ್ಲರೆ. ಇಂದಿನವರ ಪಾಲು ನಾಳಿನವರ ಹಣದಿಂದ ಬರುತ್ತಿತ್ತೆಂದು ತಿಳಿಯಲು ಬ್ಯಾಂಕ್ ಮ್ಯಾನೇಜರ್ ಆಗಬೇಕಾಗಿಲ್ಲ.

ಬಂದ ಹಣ ಎಲ್ಲಿಗೆ ಹೋಯಿತೆಂಬ ಪ್ರಶ್ನೆಗೆ ಮಾತ್ರ ನಮ್ಮ ಓದು ಉತ್ತರ ಕೊಡಲಿಲ್ಲ. ಆಸ್ತಿಯ ಕಡೆಯಲ್ಲಿ 'ಇತರರಿಗೆ ಕೊಟ್ಟ ಸಾಲ ಮತ್ತು ಮುಂಗಡ' ಎಂಬ ಒಂದೇ ಸಾಲಿನಲ್ಲಿ ನಾಲ್ಕು ಕೋಟಿ 60 ಲಕ್ಷ ಮಲಗಿತ್ತು. ಆ ಇತರರು ಯಾರೆಂದು ಬರೆದಿಲ್ಲ. ಅದನ್ನು ತೆರೆಸಲು ಬ್ಯಾಂಕ್ ಖಾತೆ ಬೇಕು, ಬ್ಯಾಂಕ್ ಖಾತೆ ತೆರೆಸಲು ಪೊಲೀಸರು ಬೇಕು. ಹಣ ದುಬೈಗೆ ಹೋಗಿದೆಯೆಂದು ಕೆಲವರು ಹೇಳಿದರು. ಹೋಗಿದ್ದರೆ ಅಲ್ಲಿ ನಮ್ಮಲ್ಲಿಯಂತೆ ನೂರು ರೂಪಾಯಿಗೆ ಷೇರುದಾರರ ಪಟ್ಟಿ ಕೈಗೆ ಸಿಗುವ ವ್ಯವಸ್ಥೆ ಹೆಚ್ಚಿನ ಕಡೆಗಳಲ್ಲಿ ಇಲ್ಲ. ಬ್ರಿಟನ್ನಿನಲ್ಲಿ 2016ರಿಂದ ಕಂಪೆನಿಯ ಮೇಲೆ ಹಿಡಿತವಿರುವವರ ಹೆಸರು ಪುಕ್ಕಟೆಯಾಗಿಯೇ ಕಾಣುತ್ತದೆ. ಹಣ ಅಡಗಿಸುವವರು ಯಾವ ದೇಶವನ್ನು ಆರಿಸಿಕೊಳ್ಳುತ್ತಾರೆಂದು ಹೇಳಬೇಕಾಗಿಲ್ಲ.

ಜಾಮೀನು ನಿಂತವರೆಲ್ಲ ಮಾಲೀಕರಲ್ಲ, ಬಂಧುವಿಗಾಗಿ ಜಾಮೀನು ನಿಂತು ಮನೆ ಕಳೆದುಕೊಂಡವರೂ ನಮ್ಮಲ್ಲಿದ್ದಾರೆ. ಆದ್ದರಿಂದ ನಾವು ಬರೆದ ವರದಿಯಲ್ಲಿ 'ಇವರೇ ಮಾಲೀಕರು' ಎಂಬ ವಾಕ್ಯ ಇರಲಿಲ್ಲ. ಬ್ಯಾಂಕ್ ಇವರನ್ನು ಪ್ರವರ್ತಕರೆಂದು ಕರೆದಿದೆ, ಕಟ್ಟಡ ಇವರ ಪತ್ನಿಯದು, ಚಾಲಕ ಬದಲಾದಾಗ ಷೇರು ಬದಲಾಗಿದೆ, ಇಂಥ ದಿನಾಂಕದ ಇಂಥ ಫಾರಂ, ಇಂಥ ಪುಟ, ಎಂದಷ್ಟೇ ಬರೆದೆವು. ಅದನ್ನು ಮೊದಲು ಕಂಪೆನಿಗೇ ಕಳುಹಿಸಿ ಉತ್ತರ ಕೇಳಿದೆವು. ಬಂದದ್ದು ವಕೀಲರ ನೋಟೀಸು. ಮಾನಹಾನಿ, ಎರಡು ಕೋಟಿ ಪರಿಹಾರ ಇತ್ಯಾದಿ. ಆದರೆ ಏಳು ಪುಟದ ಆ ನೋಟೀಸಿನಲ್ಲಿ ನಮ್ಮ ಒಂದು ದಿನಾಂಕವೂ ತಪ್ಪೆಂದು ಹೇಳಿರಲಿಲ್ಲ.

ಊರಿನಲ್ಲಿ ಎರಡು ಪಕ್ಷವಾಯಿತು. ಸಮುದಾಯದ ಮಾನವನ್ನು ಬೀದಿಗೆ ತರುತ್ತಿದ್ದೀರಿ ಎಂದು ಕೆಲವರು ಸಿಟ್ಟಾದರು. "ಹಾಜಿಯವರೇ, ಕಾಗದ ಓದಿದ್ದು ನಾವು, ಬರೆದದ್ದು ಅವರು" ಎಂದು ಬ್ಯಾಂಕ್ ಮ್ಯಾನೇಜರ್ ಉತ್ತರಿಸಿದ್ದು ಅವರಿಗೆ ಹಿಡಿಸಲಿಲ್ಲ. ಇನ್ನು ಕೆಲವರು ಸದ್ದಿಲ್ಲದೆ ಬಂದು ವರದಿಯ ಪ್ರತಿ ಕೊಂಡುಹೋದರು. ಹೊಸದಾಗಿ ಹಣ ಹಾಕುವವರು ನಿಂತರು. ಅನಿಯಂತ್ರಿತ ಠೇವಣಿಗಳನ್ನು ನಿಷೇಧಿಸುವ 2019ರ ಕಾಯ್ದೆಯಡಿ ಮೂವತ್ತೊಂದು ಮಂದಿ ಒಟ್ಟಾಗಿ ಪೊಲೀಸರಿಗೆ ದೂರು ಕೊಟ್ಟರು. ನಮ್ಮ ಕಾಗದಗಳು ಅದರ ಜೊತೆಗೆ ಹೋದವು. ಪ್ರಕರಣ ತನಿಖೆಯಲ್ಲಿ ಇರುವುದರಿಂದ ಇಲ್ಲಿ ಯಾರ ಹೆಸರನ್ನೂ ಬರೆಯುತ್ತಿಲ್ಲ. ಆ ಹೆಂಗಸಿಗೆ ಇಷ್ಟರವರೆಗೆ ಹಿಂದೆ ಸಿಕ್ಕಿದ್ದು ಎಂಟು ಲಕ್ಷದಲ್ಲಿ ಒಂದೂಕಾಲು ಲಕ್ಷ, ಅದೂ ಆ ಯುವಕ ತನ್ನ ಬೈಕು, ಹೆಂಡತಿಯ ಬಳೆ ಮಾರಿ ಕೊಟ್ಟದ್ದು. ಎಲ್ಲ ಫಾರಂಗಳಿಗೂ ಅವನ ಸಹಿಯಿದೆ, ಮೊದಲು ಠಾಣೆಗೆ ಕರೆಸಿಕೊಂಡದ್ದೂ ಅವನನ್ನೇ. ಹೆಸರು ಕೊಟ್ಟದ್ದಕ್ಕೆ ಅವನಿಗೆ ಸಿಗುತ್ತಿದ್ದದ್ದು ತಿಂಗಳಿಗೆ 22,000 ರೂಪಾಯಿ ಸಂಬಳ.

ಕಂಪೆನಿಯ 2023-24ರ ವಾರ್ಷಿಕ ವರದಿ 2024ರ ನವೆಂಬರ್ ಕೊನೆಯೊಳಗೆ ಬರಬೇಕಿತ್ತು, ಬರಲಿಲ್ಲ. ತಡವಾದರೆ ದಿನಕ್ಕೆ ನೂರು ರೂಪಾಯಿ ಹೆಚ್ಚುವರಿ ಶುಲ್ಕ. ನಮ್ಮ ಹುಡುಗಿ ಈಗಲೂ ವಾರಕ್ಕೊಮ್ಮೆ ತಾಣ ತೆರೆದು ನೋಡುತ್ತಾಳೆ. ಕಳೆದ ಬಾರಿ ನೋಡಿದಾಗ ಆ ಕಂಪೆನಿಯ ಪುಟ ಹಾಗೆಯೇ ಇತ್ತು. ಆದರೆ ಸೋದರತ್ತೆಯ ನಿರ್ದೇಶಕ ಸಂಖ್ಯೆಯನ್ನು ಹಾಕಿ ಹುಡುಕಿದರೆ ಅದರ ಎದುರು ಇನ್ನೊಂದು ಹೊಸ ಕಂಪೆನಿಯ ಹೆಸರು ಕಾಣುತ್ತಿದೆ, ನೋಂದಾಯಿತ ಕಚೇರಿ ಪಕ್ಕದ ಜಿಲ್ಲೆಯಲ್ಲಿ. ಅದರ ಕಡತಕ್ಕೂ ನೂರು ರೂಪಾಯಿ ಕಟ್ಟಿದ್ದೇವೆ.